ಹಸಿರು ತುಂಡಿನ ಅಳತೆ

ಸೌಂದರ್ಯ ಹೊಲಿಗೆ ಕಲಿಸುವಾಗ ಮೊದಲ ದಿನ ಯಾರಿಗೂ ಸೂಜಿ ಮುಟ್ಟಿಸುವುದಿಲ್ಲ. ಕೈಗೆ ಟೇಪು ಕೊಟ್ಟು, ಎದುರಿಗೆ ಕೂತವಳ ತೋಳು ಅಳೆಯಲು ಹೇಳುತ್ತಾಳೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಟೇಪು ಕೆಳಗೆ ಎಲ್ಲಿ ಮುಟ್ಟಿತು ಎಂದು ಬಗ್ಗಿ ಬಗ್ಗಿ ನೋಡುತ್ತಾರೆ, ಅದರ ಮೇಲಿನ ತುದಿ ಭುಜದಿಂದ ಜಾರಿದ್ದು ಅವರ ಗಮನಕ್ಕೇ ಬರುವುದಿಲ್ಲ. ಆಗ ಸೌಂದರ್ಯ ಟೇಪು ಕಿತ್ತುಕೊಂಡು, "ಎಲ್ಲಿಗೆ ಮುಗೀತು ಅಂತ ಆಮೇಲೆ ಹೇಳು, ಎಲ್ಲಿಂದ ಹಿಡಿದೆ ಅಂತ ಮೊದ್ಲು ಹೇಳು ಮಾರಾಯ್ತಿ" ಎಂದು ಗದರುತ್ತಾಳೆ. ನಾಲ್ಕು ವರ್ಷದಿಂದ ಕಾಗದನಗರದ ಹೊಲಿಗೆ ಕೇಂದ್ರದ ಕೋಣೆಯಲ್ಲಿ ಈ ಮಾತು ಎಷ್ಟು ಸಲ ಕೇಳಿಸಿತೋ ಗೋಡೆಗಳಿಗೇ ಗೊತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ ಎನ್ನುತ್ತಾರಲ್ಲ, ಹಾಗೆ ಇದೇ ಸೌಂದರ್ಯ ಒಂದು ಬಣ್ಣದ ಚಿತ್ರದ ಮುಂದೆ ಅದೇ ತಪ್ಪು ಮಾಡಿದಳು. ಆ ತಪ್ಪು ಅವಳಿಗೆ ಎರಡು ದಿನ ಬಹಳ ಸುಖ ಕೊಟ್ಟಿತು.

ಸೌಂದರ್ಯ ಹುಟ್ಟಿದ್ದು ಭದ್ರಾವತಿಯ ಆ ಕಾಗದನಗರದಲ್ಲೇ. ಅಪ್ಪ ಕೊಟ್ರಬಸಪ್ಪ ಕಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಟೌನ್‌ಶಿಪ್ಪಿನ ಹೆಂಗಸರ ಕ್ಲಬ್ಬಿನಲ್ಲಿ, ಪಕ್ಕದ ಲೈನಿನ ತಮಿಳು ಟೀಚರೊಬ್ಬರ ಹತ್ತಿರ ಅವಳು ಹೊಲಿಗೆ ಕಲಿತಳು. ಅಪ್ಪ ನಿವೃತ್ತರಾದಾಗ ಸಂಸಾರ ಶಿವಮೊಗ್ಗದ ಹೊಸಮನೆಗೆ ಬಂತು. ಗಂಡು ನೋಡುವ ಶಾಸ್ತ್ರ ಐದಾರು ಸಲ ನಡೆಯಿತು, ಆಮೇಲೆ ಅಪ್ಪನಿಗೆ ಕಾಯಿಲೆ, ಆಮೇಲೆ ಅಮ್ಮನಿಗೆ. ಇಬ್ಬರನ್ನೂ ಕಳಿಸಿಕೊಟ್ಟು ತಿರುಗಿ ನೋಡುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ಈಗ ಎರಡು ಕೋಣೆಯ ಬಾಡಿಗೆ ಮನೆ, ಒಂದು ಹೊಲಿಗೆ ಮಷಿನ್ನು, ಒಂದು ಟಿವಿ. ಬೆಳಿಗ್ಗೆ ಎದ್ದರೆ ಮೊದಲು ಟಿವಿ ಹಾಕುತ್ತಾಳೆ, ನೋಡುವುದಕ್ಕಲ್ಲ, ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಎನ್ನಿಸಲಿ ಎಂದು. ಭಾನುವಾರ ಸಂಜೆಯವರೆಗೆ ಒಂದು ಮಾತೂ ಆಡದೆ, ಕೊನೆಗೆ ಹಾಲಿನವನಿಗೆ "ಅರ್ಧ ಲೀಟರ್" ಎನ್ನುವಾಗ ತನ್ನ ಗಂಟಲು ಕಟ್ಟಿಹೋಗಿದ್ದನ್ನು ಕಂಡು ಅವಳಿಗೆ ಅಳು ಬಂದದ್ದುಂಟು.

ಆದ್ದರಿಂದ ಒಂದು ಟ್ರಸ್ಟಿನವರು ಕಾಗದನಗರದಲ್ಲಿ ಉಚಿತ ಹೊಲಿಗೆ ಕೇಂದ್ರ ತೆರೆದು, ಕಲಿಸಲು ಬರುತ್ತೀರಾ ಎಂದು ಕೇಳಿದಾಗ, ದಿನಾ ಭದ್ರಾವತಿ ಬಸ್ಸು ಹತ್ತಬೇಕಲ್ಲ ಎಂದು ಅವಳು ಯೋಚನೆ ಮಾಡಲೇ ಇಲ್ಲ. ಕಾರ್ಖಾನೆ ನಿಂತು ಕ್ವಾರ್ಟರ್ಸು ಬಹುಪಾಲು ಖಾಲಿಯಾಗಿದ್ದರೂ ಸುತ್ತಮುತ್ತ ಜನ ಇದ್ದರು. ಕೇಂದ್ರವೆಂದರೆ ಒಂದು ಮನೆಯ ಮುಂಭಾಗದ ಉದ್ದನೆಯ ಕೋಣೆ, ಸಾಲು ಮಷಿನ್ನುಗಳು, ಕಟಿಂಗಿಗೆ ಒಂದು ದೊಡ್ಡ ಮೇಜು. ಅಲ್ಲಿಗೆ ಕಾಲಿಟ್ಟ ಕೂಡಲೇ "ಸೌಂದರ್ಯ, ಬಸ್ಸಲ್ಲಿ ಸೀಟ್ ಸಿಕ್ತಾ?" ಎಂದು ಕೇಳುವವರು ಒಬ್ಬರಿದ್ದರು. ಅವರು ಕಾಶಮ್ಮ.

ಕಾಶಮ್ಮನಿಗೆ ಅರವತ್ತೈದರ ಮೇಲಾಗಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕೇಂದ್ರ ಶುರುವಾದ ದಿನವೇ ಸೇರಿ, ನಾಲ್ಕು ವರ್ಷವಾದರೂ ಒಂದು ರವಿಕೆ ಮುಗಿಸಿರಲಿಲ್ಲ. ರವಿಕೆ ಹೊಲಿದು ತೋರಿಸಿದವರಿಗೆ ಸರ್ಟಿಫಿಕೇಟು ಕೊಟ್ಟು ಕಳಿಸಬೇಕು, ಆ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಬೇಕು ಎನ್ನುವುದು ಟ್ರಸ್ಟಿನ ಪದ್ಧತಿ. ಕಾಶಮ್ಮ ಬೆಳಿಗ್ಗೆ ತೋಳು ಕೂಡಿಸುತ್ತಿದ್ದರು, ಮಧ್ಯಾಹ್ನ ಯಾರೂ ನೋಡದಾಗ ಬ್ಲೇಡಿನಿಂದ ಬಿಚ್ಚುತ್ತಿದ್ದರು. ಸೌಂದರ್ಯ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಕಳ್ಳಿಗೆ ಕಳ್ಳಿ ಸಾಕ್ಷಿ. ಅವಳಿಗೂ ಕಾಶಮ್ಮ ಪಾಸಾಗುವುದು ಬೇಕಿರಲಿಲ್ಲ.

ಟ್ರಸ್ಟಿಗೆ ಒಟ್ಟು ಮೂರು ಕೇಂದ್ರಗಳು. ಶಿವಮೊಗ್ಗದಲ್ಲೇ ಹೊಸಮನೆಯದು, ದುರ್ಗಿಗುಡಿಯದು, ಭದ್ರಾವತಿಯಲ್ಲಿ ಕಾಗದನಗರದ್ದು. ಟ್ರಸ್ಟು ನಡೆಸುತ್ತಿದ್ದ ಈಶ್ವರಪ್ಪ ಬಟ್ಟೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಸಮಾಜಸೇವೆಗೆ ಇಳಿದವರು. ಮಂಡಿ ನೋವು ಜಾಸ್ತಿಯಾಗಿ, ಮೂರು ಕಡೆ ಓಡಾಡಲು ಆಗುವುದಿಲ್ಲ, ಜನ ಕಡಿಮೆ ಬರುವ ಒಂದು ಕೇಂದ್ರ ಮುಚ್ಚಿಬಿಡೋಣ ಎಂದು ಆ ವರ್ಷ ಅವರು ಹೇಳಿದ್ದರು. ಯಾವುದನ್ನು ಎನ್ನುವುದು ಶನಿವಾರದ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಿತ್ತು.

ಬುಧವಾರ ಮಧ್ಯಾಹ್ನ ಟ್ರಸ್ಟಿನ ಆಫೀಸು ನೋಡಿಕೊಳ್ಳುವ ಮಧು ವಾಟ್ಸಾಪ್ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದ. ಹಾಕಿದವನೇ ಅಕ್ಕನ ಮದುವೆಗೆಂದು ಊರಿಗೆ ಹೋದ. ಈಗಿನ ಕಾಲದಲ್ಲಿ ಯಾರ ಹಣೆಬರಹ ಬೇಕಾದರೂ ಅಂಗೈಯಗಲದ ಚಿತ್ರದಲ್ಲಿ ತೀರ್ಮಾನವಾಗುತ್ತದೆ, ಬರೆದವನು ಮದುವೆ ಊಟಕ್ಕೆ ಹೋಗಿರುತ್ತಾನೆ. ಚಿತ್ರದಲ್ಲಿ ಜೂನಿನಿಂದ ನವೆಂಬರಿನವರೆಗೆ ತಿಂಗಳಿಗೊಂದು ಕಂಬ. ಒಂದೊಂದು ಕಂಬದಲ್ಲೂ ಮೂರು ಬಣ್ಣ, ಒಂದರ ಮೇಲೊಂದು ಪೇರಿಸಿದ್ದು. ಕೆಳಗೆ ನೀಲಿ ಹೊಸಮನೆ, ನಡುವೆ ಕಿತ್ತಳೆ ದುರ್ಗಿಗುಡಿ, ಎಲ್ಲಕ್ಕಿಂತ ಮೇಲೆ ಹಸಿರು ಕಾಗದನಗರ. ದಿನಕ್ಕೆ ಸರಾಸರಿ ಎಷ್ಟು ಜನ ಬಂದರು ಎನ್ನುವ ಲೆಕ್ಕ ಅದು. ಎಡಗಡೆ ಅಂಚಿನಲ್ಲಿ ಸಂಖ್ಯೆಗಳಿದ್ದವು. ಬಣ್ಣಗಳ ಒಳಗೆ ಏನೂ ಬರೆದಿರಲಿಲ್ಲ.

ಸೌಂದರ್ಯ ಕನ್ನಡಕ ಹಾಕಿಕೊಂಡು ನೋಡಿದಳು. ಹಸಿರಿನ ನೆತ್ತಿ ಜೂನಿನಲ್ಲಿ ಐವತ್ತೈದರ ಸುತ್ತ ಇತ್ತು, ನವೆಂಬರಿನಲ್ಲಿ ಎಪ್ಪತ್ತನ್ನು ಮುಟ್ಟುವ ಹಾಗಿತ್ತು. ನಡುವೆ ಒಂದು ತಿಂಗಳೂ ಇಳಿದಿರಲಿಲ್ಲ. ತನ್ನ ಕೋಣೆಯಲ್ಲಿ ಎಪ್ಪತ್ತು ಜನ ಕೂರಲು ಸಾಧ್ಯವೇ ಇಲ್ಲ, ಅದು ಮೂರೂ ಸೇರಿದ ಲೆಕ್ಕವಿರಬೇಕು ಎಂದು ಅವಳಿಗೂ ಹೊಳೆಯಿತು. ಆದರೆ ಏರುತ್ತಿರುವುದಂತೂ ನಿಜ ತಾನೆ? ಹಸಿರು ಏರುತ್ತಿದೆ, ತನ್ನ ಹಸಿರು. ಅಷ್ಟರಲ್ಲಿ ಈಶ್ವರಪ್ಪನವರ ವಾಯ್ಸ್ ಮೆಸೇಜು ಬಂತು. "ಕಾಗದನಗರದ್ದು ಏರ್ತಾ ಇದೆ, ಸಂತೋಷ. ನಡುವಿಂದು ದುರ್ಗಿಗುಡೀದು, ಮೊದ್ಲಿಂದ್ಲೂ ಅದು ಸಣ್ಣದೇ. ಶನಿವಾರ ಬನ್ನಿ, ಮುಗಿಸಿಬಿಡೋಣ."

ಸೌಂದರ್ಯ ಆ ಮೆಸೇಜನ್ನು ಜೋರಾಗಿ ಹಾಕಿ ಎಲ್ಲರಿಗೂ ಕೇಳಿಸಿದಳು.

"ಅಂದ್ರೆ ನಮ್ದು ಮುಚ್ಚಲ್ಲ?" ಎಂದರು ಕಾಶಮ್ಮ.

"ಮುಚ್ಚಲ್ಲ ಕಾಶಮ್ಮ. ನಮ್ದೇ ಎಲ್ಲಕ್ಕಿಂತ ಮೇಲಿದೆ ನೋಡಿ."

ಕಾಶಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಹಸಿರಿನ ಮೇಲೆ ಬೆರಳಾಡಿಸಿದರು. ಮರುದಿನ ಮನೆಯಿಂದ ಶೇಂಗಾ ಹೋಳಿಗೆ ಮಾಡಿಕೊಂಡು ಬಂದರು. ಎಲ್ಲರಿಗೂ ಹಂಚಿದ ಮೇಲೂ ಡಬ್ಬಿಯಲ್ಲಿ ಬಹಳಷ್ಟು ಉಳಿಯಿತು. ಹಬ್ಬದ ಮಾಸ, ಮನೆಗೆಲಸ, ಮಳೆ ಎಂದು ತಿಂಗಳಿಗೊಂದು ಕಾರಣ ಕೊಟ್ಟುಕೊಂಡು ಖಾಲಿ ಮಷಿನ್ನುಗಳ ಕಡೆ ನೋಡದೆ ಇರುವುದು ಸೌಂದರ್ಯಳಿಗೆ ರೂಢಿಯಾಗಿತ್ತು. ಹಾಜರಿಯ ಲೆಕ್ಕ ಅವಳ ಕೈಯಲ್ಲಿ ಇರಲಿಲ್ಲ. ಬಂದವರು ಬಾಗಿಲ ಬಳಿಯ ಮೊಬೈಲಿಗೆ ಮುಖ ತೋರಿಸಿದರೆ ಅದು ನೇರ ಆಫೀಸಿಗೆ ಹೋಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವಳೂ ಇದ್ದಳು. ಒಂಟಿಯಾಗಿರುವವರಿಗೆ ಇರುವ ನಾಲ್ಕು ಜನವೇ ಸಂತೆಯಾಗಿ ಕಾಣುತ್ತಾರೆ, ಅದನ್ನು ತಪ್ಪು ಎಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಗುರುವಾರ ಸಂಜೆ ವಾಪಸು ಬರುವ ಬಸ್ಸಿನಲ್ಲಿದ್ದಾಗ ಅವಳಿಗೆ ಮೋನಿಕಾಳ ಫೋನು ಬಂತು. ಮೋನಿಕಾ ದುರ್ಗಿಗುಡಿ ಕೇಂದ್ರದ ಟೀಚರು. ಹಿಂದೆ ಸೌಂದರ್ಯಳ ಕೈಯಲ್ಲೇ ಹೊಲಿಗೆ ಕಲಿತವಳು. ಎಲ್ಲರಿಗಿಂತ ಹೊಸಬಳಾದ್ದರಿಂದ ಅವಳ ಕೇಂದ್ರ ಮುಚ್ಚಿದರೆ ಅವಳ ಕೆಲಸವೂ ಹೋಗುತ್ತಿತ್ತು.

"ಅಕ್ಕ, ನಂದು ಮುಚ್ತಾರಂತೆ. ನೀವು ಚಿತ್ರ ನೋಡಿದ್ರಾ? ನಂಗೊಂದೂ ಅರ್ಥ ಆಗ್ತಿಲ್ಲ. ಜೂನಲ್ಲಿ ನನ್ನ ಹತ್ರ ಮಷಿನ್ ಖಾಲಿ ಇದ್ವು ನಿಜ. ಈಗ ಜಾಗ ಸಾಲ್ದೆ ಹುಡ್ಗೀರು ನೆಲದ ಮೇಲೆ ಕೂತು ಕಟಿಂಗ್ ಮಾಡ್ತಿದಾರೆ. ನಂದು ಹೆಂಗೆ ಸಣ್ಣದಾಗುತ್ತೆ?"

"ಚಿತ್ರದಲ್ಲಿ ಹಂಗಿದೆಯಲ್ಲೇ" ಎಂದಳು ಸೌಂದರ್ಯ. ಮಾತು ತನಗೇ ಒರಟಾಗಿ ಕೇಳಿಸಿತು.

"ನಿಮ್ದು ಉಳೀತಲ್ಲ ಬಿಡಿ, ಅದೇ ಸಮಾಧಾನ" ಎಂದು ಹುಡುಗಿ ಫೋನಿಟ್ಟಳು. ಅವಳು ಕುಹಕವಾಡಲಿಲ್ಲ, ನಿಜವಾಗಿಯೂ ಹಾಗೆಯೇ ಹೇಳಿದಳು. ಅದೇ ಸೌಂದರ್ಯಳಿಗೆ ಕುಟುಕಿತು.

ಮನೆಗೆ ಬಂದು ಟಿವಿ ಹಾಕದೆ ಕೂತಳು. ಸ್ಕ್ರೀನ್‌ಶಾಟ್ ತೆರೆದು ಜೂನಿನ ಹಸಿರನ್ನು ಬೆರಳಲ್ಲಿ ಹಿಗ್ಗಿಸಿದಳು, ಹೆಬ್ಬೆರಳಿನಷ್ಟಾಯಿತು. ಸರಿಸಿಕೊಂಡು ನವೆಂಬರಿಗೆ ಹೋದಳು. ಹೋಗುವಷ್ಟರಲ್ಲಿ ಚಿತ್ರ ಮತ್ತಷ್ಟು ಹಿಗ್ಗಿ ಅದೂ ಹೆಬ್ಬೆರಳಿನಷ್ಟೇ ಆಯಿತು. ರಬ್ಬರಿನ ಟೇಪು ಹಿಡಿದು ಅಳೆದ ಹಾಗೆ. ಮಧುವಿಗೆ ಫೋನು ಮಾಡಿ ಅಂಕಿ ಹೇಳಪ್ಪಾ ಎಂದರೆ ಅಲ್ಲಿ ವಾಲಗದ ಸದ್ದು. "ಸಿಸ್ಟಮ್ಮು ಆಫೀಸಲ್ಲಿದೆ ಮೇಡಂ, ಸೋಮವಾರ ಬಂದು ಕೊಡ್ತೀನಿ" ಎಂದ. ಸೋಮವಾರದ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಹೊಸಮನೆಯ ಜೆರಾಕ್ಸ್ ಅಂಗಡಿಗೆ ಹೋಗಿ ಚಿತ್ರವನ್ನು ಇಡೀ ಹಾಳೆಗೆ ಪ್ರಿಂಟ್ ಹಾಕಿಸಿದಳು. ಮೊದಲು ಕಪ್ಪುಬಿಳುಪಿನಲ್ಲಿ ತೆಗೆದುಕೊಟ್ಟರು, ಕಿತ್ತಳೆಯೂ ಹಸಿರೂ ಒಂದೇ ಬೂದಿ ಬಣ್ಣವಾಗಿ ಎಲ್ಲಿ ಯಾವುದು ಮುಗಿಯಿತೆಂದೇ ತಿಳಿಯಲಿಲ್ಲ. ಮತ್ತೆ ಕಲರಿನಲ್ಲಿ ತೆಗೆಸಿದಳು. ಮಧ್ಯಾಹ್ನ ಕೇಂದ್ರದಲ್ಲಿ ಎಲ್ಲರೂ ಊಟಕ್ಕೆ ಹೋಗಿ ಕಾಶಮ್ಮ ಒಬ್ಬರೇ ಮೂಲೆಯಲ್ಲಿ ರವಿಕೆ ಬಿಚ್ಚುತ್ತ ಕೂತಿದ್ದಾಗ, ಆ ಹಾಳೆಯನ್ನು ಕಟಿಂಗ್ ಮೇಜಿನ ಮೇಲೆ ಹರಡಿದಳು.

ಪೇಪರ್ ಕಟಿಂಗಿನ ಖಾಕಿ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ ಜೂನಿನ ಕಂಬದ ಪಕ್ಕ ಇಟ್ಟಳು. ಹಸಿರು ಶುರುವಾಗುವ ಕಡೆ ಒಂದು ಗೆರೆ, ಮುಗಿಯುವ ಕಡೆ ಒಂದು ಗೆರೆ. ಪಟ್ಟಿಯನ್ನು ನವೆಂಬರಿನ ಕಂಬಕ್ಕೆ ಒಯ್ದು, ಕೆಳಗಿನ ಗೆರೆಯನ್ನು ಅಲ್ಲಿ ಹಸಿರು ಶುರುವಾಗುವ ಅಂಚಿಗೆ ಸರಿಯಾಗಿ ಕೂಡಿಸಿದಳು. ಮೇಲಿನ ಗೆರೆ ಕಂಬದ ನೆತ್ತಿ ದಾಟಿ ಬಿಳಿ ಜಾಗಕ್ಕೆ ಹೋಯಿತು. ಕೈ ಅಲುಗಿರಬೇಕೆಂದು ಮತ್ತೆ ಇಟ್ಟಳು. ಮತ್ತೆ ಹಾಗೆಯೇ. ಜೂನಿನ ಹಸಿರೇ ಉದ್ದ. ನವೆಂಬರಿನದು ಗಿಡ್ಡ.

ಎಡಗಡೆಯ ಸಂಖ್ಯೆಗಳನ್ನೂ ನೋಡಿದಳು. ಜೂನಿನಲ್ಲಿ ಹಸಿರು ಮೂವತ್ತೆರಡರ ಹತ್ತಿರ ಶುರುವಾಗಿ ಐವತ್ತಾರರ ಹತ್ತಿರ ಮುಗಿದಿತ್ತು. ಎಂದರೆ ಇಪ್ಪತ್ನಾಲ್ಕು ಜನ. ನವೆಂಬರಿನಲ್ಲಿ ಐವತ್ತೆರಡಕ್ಕೆ ಶುರುವಾಗಿ ಅರವತ್ತೊಂಬತ್ತಕ್ಕೆ ಮುಗಿದಿತ್ತು. ಹದಿನೇಳು. ಕಿತ್ತಳೆಗೂ ಪಟ್ಟಿ ಹಿಡಿದಳು. ಅದು ಹನ್ನೆರಡರಿಂದ ಹದಿನೆಂಟಕ್ಕೆ ಬೆಳೆದು ಹಸಿರನ್ನೇ ದಾಟಿತ್ತು. ನೀಲಿಗೆ ಪಟ್ಟಿಯೇ ಬೇಕಿರಲಿಲ್ಲ, ಅದು ಎಲ್ಲ ತಿಂಗಳೂ ನೆಲದಿಂದಲೇ ಎದ್ದಿತ್ತು, ನೆತ್ತಿ ನೋಡಿದರೆ ಸಾಕು ಬೆಳೆದದ್ದು ಕಾಣುತ್ತಿತ್ತು. ಕೆಳಗಿನ ಎರಡೂ ಬೆಳೆದು ಮೇಲಿನದನ್ನು ಎತ್ತಿ ಹಿಡಿದಿದ್ದವು. ಮಣೆಯ ಮೇಲೆ ನಿಂತ ಮಗುವನ್ನು ಎತ್ತರವಾಯಿತು ಎಂದು ಹೊಗಳಿದಂತಾಗಿತ್ತು ಅವಳ ಸಂತೋಷ.

ಅವಳು ಖಾಲಿ ಮಷಿನ್ನುಗಳನ್ನು ಆ ದಿನ ನೋಡಿದಳು. ಕವರು ತೆಗೆಯದೆ ಎಷ್ಟೋ ದಿನವಾಗಿತ್ತು. ಎಲ್ಲಿಂದ ಹಿಡಿದೆ ಎಂದು ಊರಿಗೆಲ್ಲ ಗದರಿದವಳು ತಾನು ತುದಿ ನೋಡಿ ಕುಣಿದಿದ್ದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಈ ಪಟ್ಟಿಯನ್ನು ಮುದುರಿ ಕಸದ ಬುಟ್ಟಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೋಣೆ ಉಳಿಯುತ್ತದೆ, ಬಸ್ಸು ಉಳಿಯುತ್ತದೆ, ಸೀಟ್ ಸಿಕ್ತಾ ಎಂದು ಕೇಳುವವರು ಉಳಿಯುತ್ತಾರೆ. ಅವಳು ಪಟ್ಟಿ ಮುದುರಿದಳು ಕೂಡ. ಆಮೇಲೆ ನೆಲದ ಮೇಲೆ ಕೂತು ಕತ್ತರಿಸುವ ಹುಡುಗಿಯರು ನೆನಪಾದರು, ನಿಮ್ದು ಉಳೀತಲ್ಲ ಎಂದ ಮೋನಿಕಾ ನೆನಪಾದಳು. ಪಟ್ಟಿಯನ್ನು ಬಿಡಿಸಿ ಮೇಜಿನ ಮೇಲೆ ಅಂಗೈಯಿಂದ ತೀಡಿದಳು.

"ಅದೇನೇ ಅದು ಅಷ್ಟೊತ್ತಿಂದ?" ಎಂದರು ಕಾಶಮ್ಮ ಮೂಲೆಯಿಂದ.

"ಅಳತೆ ಕಾಶಮ್ಮ."

"ಯಾರ್ದು?"

"ನಮ್ದೇ" ಎಂದಳು. ಕಾಶಮ್ಮ ಅವಳ ಮುಖ ನೋಡಿ, ಬ್ಲೇಡನ್ನು ಸೂಜಿ ಡಬ್ಬಿಗೆ ಹಾಕಿ ಮುಚ್ಚಿಟ್ಟರು.

ಶನಿವಾರ ದುರ್ಗಿಗುಡಿಯ ಆಫೀಸಿನಲ್ಲಿ ಈಶ್ವರಪ್ಪ, ಮೋನಿಕಾ, ಹೊಸಮನೆಯ ಟೀಚರು ಸುಷ್ಮಾ ಕೂತಿದ್ದರು. ಈಶ್ವರಪ್ಪ ಮಾತು ಶುರುಮಾಡುವ ಮೊದಲೇ ಸೌಂದರ್ಯ ಚೀಲದಿಂದ ಖಾಕಿ ಪಟ್ಟಿಗಳನ್ನು ತೆಗೆದಳು. ಜೂನಿನ ಹಸಿರಿನಷ್ಟು ಉದ್ದದ್ದೊಂದು, ನವೆಂಬರಿನ ಹಸಿರಿನಷ್ಟು ಉದ್ದದ್ದೊಂದು. ಕಿತ್ತಳೆಗೂ ಹಾಗೆಯೇ ಎರಡು. ಬಣ್ಣದ ಚಾಕಿನಲ್ಲಿ ಗುರುತು ಮಾಡಿ ತಂದಿದ್ದಳು. ಎಲ್ಲವನ್ನೂ ಮೇಜಿನ ಅಂಚಿಗೆ ಬುಡ ಸಮ ಮಾಡಿ ಸಾಲಾಗಿ ಇಟ್ಟಳು.

"ಚಿತ್ರದಲ್ಲಿ ಇವು ಒಂದೊಂದು ಒಂದೊಂದು ಕಡೆಯಿಂದ ಶುರುವಾಗಿವೆ ಸಾರ್. ಅದಕ್ಕೆ ನಮ್ಗೆ ಕಣ್ ತಪ್ತು. ಬುಡ ಒಂದೇ ಕಡೆ ಇಟ್ಟು ನೋಡಿ."

ಈಶ್ವರಪ್ಪ ನೋಡಿದರು. ಜೀವಮಾನವೆಲ್ಲ ಬಟ್ಟೆ ಅಳೆದ ಮನುಷ್ಯ, ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಹಸಿರಿನ ಗಿಡ್ಡ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ, "ಹಂಗಾರೆ ಇಳೀತಿರೋದು ನಿಮ್ದೇ" ಎಂದರು.

"ಹೂಂ ಸಾರ್."

"ನೀವು ಸುಮ್ನಿದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ."

"ಗೊತ್ತು ಸಾರ್."

ಮಧು ಬಂದು ಅಂಕಿ ಕೊಡಲಿ, ಆಮೇಲೆ ತೀರ್ಮಾನ ಎಂದು ಅವರು ಮೀಟಿಂಗು ಮುಗಿಸಿದರು. ಸೋಮವಾರ ಮಧು ಕೊಟ್ಟ ಅಂಕಿಗಳೂ ಅದನ್ನೇ ಹೇಳಿದವು. ಕಾಗದನಗರದ ಕೇಂದ್ರ ಮುಚ್ಚುವುದು, ಸೌಂದರ್ಯ ದುರ್ಗಿಗುಡಿಗೆ ಬಂದು ಮೋನಿಕಾಳ ಜೊತೆ ಕಲಿಸುವುದು ಎಂದಾಯಿತು. ಕೆಲಸಕ್ಕೇನೂ ಕುಂದಿಲ್ಲ, ಬಸ್ಸಿನ ಓಡಾಟ ತಪ್ಪಿತು, ಒಳ್ಳೆಯದೇ ಆಯಿತು ಎಂದು ನೆರೆಮನೆಯವರು ಹೇಳಿದರು. ಮೋನಿಕಾ ಕೈ ಹಿಡಿದುಕೊಂಡು ಅತ್ತಳು. ಸೌಂದರ್ಯಳಿಗೆ ಆ ಕೈಯ ಬಿಸಿ ತಟ್ಟಿತು, ಆದರೂ ಒಳಗೆಲ್ಲೋ ತಣ್ಣಗೇ ಇತ್ತು. ಸರಿಯಾದ ಕೆಲಸ ಮಾಡಿದವರಿಗೆ ಸಂಗಾತ ಸಿಗುತ್ತದೆ ಎಂದು ಯಾರು ಹೇಳಿದರೋ, ಅವರು ಸಂಜೆ ಹೊಸಮನೆಯ ಆ ಮನೆಯ ಬೀಗ ತೆಗೆದು ನೋಡಬೇಕಿತ್ತು.

ಕೊನೆಯ ದಿನ ಮಷಿನ್ನುಗಳನ್ನು ಗೂಡ್ಸ್ ಆಟೋಗೆ ಏರಿಸಿದರು. ಕೋಣೆ ಖಾಲಿಯಾದ ಮೇಲೆ ಮಾತಾಡಿದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕಾಶಮ್ಮ ಅಲ್ಲಿಯವರೆಗೆ ಒಂದು ಮಾತೂ ಕೇಳಿರಲಿಲ್ಲ, ಬೈದಿರಲೂ ಇಲ್ಲ. ಎಲ್ಲರೂ ಹೋದ ಮೇಲೆ ಸೆರಗಿನ ಒಳಗಿಂದ ಒಂದು ಗಂಟು ತೆಗೆದು ಕೊಟ್ಟರು. ಬಿಚ್ಚಿದರೆ ಅದೇ ರವಿಕೆ. ತೋಳು ಕೂಡಿಸಿ, ಹುಕ್ಸು ಹಚ್ಚಿ, ಅಂಚು ಮಡಿಸಿ ಪೂರ್ತಿ ಹೊಲಿದದ್ದು.

"ಮುಗಿಸಿದೆ ನೋಡು. ಇನ್ನು ಬಿಚ್ಚಿಟ್ಟು ಏನ್ ಮಾಡ್ಲಿ?" ಎಂದರು.

ಸೌಂದರ್ಯ ಅದನ್ನು ಮೈಗೆ ಹಿಡಿದುಕೊಂಡಳು. ಭುಜ ಕೂತಿತು, ಎದೆ ಕೂತಿತು. "ಇದು ನನ್ನ ಅಳತೆ ಅಲ್ವಾ ಕಾಶಮ್ಮ? ಯಾವಾಗ ತಗೊಂಡ್ರಿ?"

"ನಾಲ್ಕು ವರ್ಷ ನಿನ್ನ ಎದುರಿಗೇ ಕೂತಿದೀನಿ. ಕಣ್ಣಲ್ಲಿ ಬಂತು." ಆಮೇಲೆ ಪರೀಕ್ಷೆಗೆ ಕೂತ ಮಗುವಿನಂತೆ, "ತೋಳು ಸಮ ಬಂದಿದೆಯೇನೇ? ನಿಜ ಹೇಳು" ಎಂದರು.

ಸೌಂದರ್ಯ ಕೈಯಭ್ಯಾಸದಂತೆ ರವಿಕೆಯನ್ನು ಮಡಚಿ, ಒಂದು ತೋಳಿನ ಮೇಲೆ ಇನ್ನೊಂದನ್ನು ಭುಜಕ್ಕೆ ಭುಜ ಕೂಡಿಸಿ ಹಿಡಿದಳು. ಎಡತೋಳು ಕಿರುಬೆರಳಿನಗಲ ಉದ್ದವಿತ್ತು. ಎಂಥ ಕುರುಡರಿಗೂ ಕಾಣುವಂತಿತ್ತು. ಅವಳು ಬೇಗ ಬೇಗ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಸಮ ಇದೆ ಕಾಶಮ್ಮ. ಎರಡೂ ಸಮ ಇದೆ."

ಮುಂದಿನ ಸೋಮವಾರ ದುರ್ಗಿಗುಡಿಗೆ ಅವಳು ಅದನ್ನೇ ತೊಟ್ಟು ಹೋದಳು. ಬಾಗಿಲಲ್ಲೇ ಮೋನಿಕಾಳ ಕಣ್ಣಿಗೆ ಬಿತ್ತು. ಒಳ್ಳೆಯ ಟೀಚರ ಕೈಯಲ್ಲಿ ಕಲಿತ ಹುಡುಗಿ, ಬೀಳದೆ ಇರುತ್ತದೆಯೇ?

"ಅಕ್ಕ, ಎಡಗಡೆ ತೋಳು ಉದ್ದ ಬಂದಿದೆ ನೋಡಿ. ಮಧ್ಯಾಹ್ನ ಬಿಚ್ಚಿ ಸರಿ ಮಾಡ್ಕೊಡ್ಲಾ?"

"ಬೇಡ ಬಿಡು" ಎಂದಳು ಸೌಂದರ್ಯ. "ಅದನ್ನ ಬಿಚ್ಚಬಾರ್ದು."